ಪೆಟ್ಟಿ ಕ್ಯಾಶ್ ಲೆಕ್ಕ ತಾಳೆಯಾದರೆ ಸಾಕೆ?

ಬ್ರಾಂಚ್ ಆಫೀಸುಗಳ ಪೆಟ್ಟಿ ಕ್ಯಾಶ್ ವೋಚರ್‌ಗಳು ಈಗ ಕಾಗದಕ್ಕಿಂತ ಮೊದಲೇ ಫೋಟೊ ರೂಪದಲ್ಲಿ ಹೆಡ್ ಆಫೀಸ್ ಸೇರುತ್ತವೆ. ಅಲ್ಲಿನ ಅಕೌಂಟೆಂಟ್ ಅದನ್ನು ನೋಡಿ ಪಾಸ್ ಮಾಡಬೇಕು. ದಾವಣಗೆರೆಯ ಒಂದು ಬ್ರಾಂಚಿನಿಂದ ಬೆಂಗಳೂರಿಗೆ ಬಂದ 47ನೇ ನಂಬರಿನ ವೋಚರ್ ಒಂದನ್ನು ಕಲ್ಪಿಸಿಕೊಂಡು ನೋಡೋಣ. ಪ್ರಿಂಟರ್ ಕೆಲಸಕ್ಕೆ 1,850 ರೂಪಾಯಿ ಕೊಟ್ಟಿರುವುದಾಗಿ ಬರೆದಿದೆ. ಖರ್ಚಿನ ಹೆಡ್ 'ಇತರೆ'. ಕೆಳಗೆ ಮ್ಯಾನೇಜರ್ ಸಹಿ ಇದೆ. ಮೇಲ್ನೋಟಕ್ಕೆ ಎಲ್ಲವೂ ಸರಿ.

ಮೊದಲು ಸಹಿ. ವೋಚರಿನಲ್ಲಿ ಸಾಮಾನ್ಯವಾಗಿ ಮೂರು ಸಹಿಗಳಿಗೆ ಜಾಗ ಇರುತ್ತದೆ: ಬರೆದವರದು, ಮಂಜೂರು ಮಾಡಿದವರದು, ಹಣ ಪಡೆದವರದು. ಎಲ್ಲೋ ಒಂದು ಸಹಿ ಇದೆ ಎಂದರೆ ಸಾಲದು. ಅದು ಮಂಜೂರಾತಿಯ ಜಾಗದಲ್ಲಿರಬೇಕು, ಅಷ್ಟು ಮೊತ್ತವನ್ನು ಮಂಜೂರು ಮಾಡುವ ಅಧಿಕಾರ ಇದ್ದವರದ್ದೇ ಆಗಿರಬೇಕು. ಹಣ ಪಡೆದವರೇ ಮಂಜೂರು ಮಾಡಿದ್ದರೆ ಅದು ನಡೆಯದು; ಮ್ಯಾನೇಜರ್ ತಮ್ಮ ಓಡಾಟದ ಖರ್ಚು ತೆಗೆದುಕೊಂಡಿದ್ದರೆ ಅದಕ್ಕೆ ಅವರ ಮೇಲಿನವರು ಸಹಿ ಹಾಕಬೇಕು. ನಮ್ಮ ವೋಚರಿನಲ್ಲಿ ಸಹಿಯೇನೋ ಸರಿಯಾದ ಜಾಗದಲ್ಲೇ ಇದೆ. ಆದರೆ ಸಹಿಯ ಕೆಳಗೆ ತಾರೀಕಿಲ್ಲ, ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಸಾಲು ಖಾಲಿ ಬಿಟ್ಟಿದೆ. ಮ್ಯಾನೇಜರ್ ಎಷ್ಟು ರೂಪಾಯಿಗೆ ಒಪ್ಪಿದರು ಎಂಬುದಕ್ಕೆ ಅಂಕಿಗಳನ್ನು ಬಿಟ್ಟರೆ ಬೇರೆ ಆಧಾರವಿಲ್ಲ.

ಹಾಗಾಗಿ ಅಂಕಿಗಳನ್ನೇ ದೊಡ್ಡದು ಮಾಡಿ ನೋಡಬೇಕು. 1,850ರ ಎಂಟರಲ್ಲಿ ಬಲಭಾಗದ ಶಾಯಿ ತಿಳಿ, ಎಡಭಾಗದ್ದು ಗಾಢ. ಮೂರನ್ನು ಎಂಟು ಮಾಡಲು ಎಡಗಡೆ ಎರಡು ಗೆರೆ ಎಳೆದರೆ ಸಾಕು. ಇಷ್ಟಕ್ಕೇ ತಿದ್ದಿದ್ದಾರೆ ಎಂದು ತೀರ್ಮಾನಿಸುವಂತಿಲ್ಲ. ಬೆಳಕು, ನೆರಳಿನಿಂದಲೂ ಫೋಟೊದಲ್ಲಿ ಬಣ್ಣ ಬೇರೆಯಾಗಿ ಕಾಣಬಹುದು. ಉತ್ತರವನ್ನು ಬಿಲ್ಲಿನಲ್ಲಿ ಹುಡುಕಬೇಕು. ವೋಚರ್ ಜೊತೆ ಬಿಲ್ಲಿನ ಫೋಟೊ ಬಂದಿಲ್ಲದಿದ್ದರೆ ತರಿಸಿಕೊಳ್ಳದೆ ಮುಂದೆ ಹೋಗಬಾರದು. ತರಿಸಿದ ಬಿಲ್ಲಿನಲ್ಲಿ ಇರುವುದು ಹೀಗೆ: ಟೋನರ್ ರೀಫಿಲ್ 900, ರಿಪೇರಿ ಕೂಲಿ 450, ಒಟ್ಟು 1,350.

ಹೆಡ್ ತಪ್ಪಾಗಿರುವುದೂ ಈ ಬಿಲ್ಲಿನಿಂದಲೇ ತಿಳಿಯುತ್ತದೆ. 900 ರೂಪಾಯಿ ಪ್ರಿಂಟಿಂಗ್ ಮತ್ತು ಸ್ಟೇಷನರಿಗೆ, 450 ರಿಪೇರಿಗೆ ಹೋಗಬೇಕಿತ್ತು. 'ಇತರೆ' ಎಂದು ಬರೆದುಬಿಟ್ಟರೆ ಖರ್ಚು ಯಾತಕ್ಕೆ ಆಯಿತು ಎಂದು ಯಾರೂ ಕೇಳುವುದಿಲ್ಲ. ಅದೇ ಪ್ರಿಂಟರ್ ತಿಂಗಳಿಗೆರಡು ಸಲ ರಿಪೇರಿಗೆ ಬಂದರೂ ಲೆಕ್ಕದಲ್ಲಿ ಗೊತ್ತಾಗದು. 'ಇತರೆ' ಹೆಡ್ಡಿನಲ್ಲಿ ಮೊತ್ತ ಬೆಳೆಯುತ್ತಾ ಹೋದರೆ ಅದರೊಳಗಿನ ಒಂದೊಂದು ವೋಚರನ್ನೂ ತೆಗೆದು ನೋಡಬೇಕು.

ಇನ್ನು ಪೆಟ್ಟಿಗೆಯ ಲೆಕ್ಕ. ಈ ಬ್ರಾಂಚಿಗೆ ನಿಗದಿಯಾದ ಪೆಟ್ಟಿ ಕ್ಯಾಶ್ 10,000 ರೂಪಾಯಿ. ಕೈಯಲ್ಲಿರುವ ನಗದು, ಖರ್ಚಾದ ವೋಚರ್‌ಗಳು, ಇನ್ನೂ ಲೆಕ್ಕ ಕೊಡದ ಮುಂಗಡ, ಈ ಮೂರೂ ಸೇರಿ ಯಾವಾಗ ಎಣಿಸಿದರೂ 10,000 ಆಗಬೇಕು. ಹೆಡ್ ಆಫೀಸು ಪಾಸಾದ ವೋಚರ್‌ಗಳಷ್ಟೇ ಹಣ ಕಳಿಸಿ ಪೆಟ್ಟಿಗೆಯನ್ನು ಮತ್ತೆ ತುಂಬಿಸುತ್ತದೆ. 47ನೇ ವೋಚರಿಗೆ ಮುಂಚೆ ನಗದು 6,240, ವೋಚರ್‌ಗಳು 3,260, ಡ್ರೈವರಿಗೆ ಕೊಟ್ಟ ಮುಂಗಡ 500 ಇತ್ತು. 1,850 ಕೊಟ್ಟ ಮೇಲೆ ನಗದು 4,390, ವೋಚರ್‌ಗಳು 5,110, ಮುಂಗಡ 500. ಕೂಡಿದರೆ ಸರಿಯಾಗಿ 10,000.

ಮೋಸ ಹೋಗುವುದು ಇಲ್ಲೇ. ಅಂಗಡಿಯವರಿಗೆ 1,350 ಕೊಟ್ಟು, ವೋಚರಿನಲ್ಲಿ 1,850 ಬರೆದು, ಉಳಿದ 500 ಪೆಟ್ಟಿಗೆಯಿಂದ ಹೊರಗೆ ಹೋಗಿದ್ದರೂ ಲೆಕ್ಕ ಹೀಗೇ ತಾಳೆಯಾಗುತ್ತದೆ. ನಗದು ಎಷ್ಟು ಇಳಿಯಿತೋ ವೋಚರ್ ಮೊತ್ತ ಅಷ್ಟೇ ಏರಿದೆ. ಪೆಟ್ಟಿಗೆ ಎಣಿಸಿದರೆ ನಗದಿಗೂ ವೋಚರಿಗೂ ಹೊಂದುತ್ತದೆಯೇ ಎಂದು ತಿಳಿಯುತ್ತದೆ. ವೋಚರಿಗೂ ಬಿಲ್ಲಿಗೂ ಹೊಂದುತ್ತದೆಯೇ ಎಂದು ತಿಳಿಯುವುದಿಲ್ಲ.

ಅಕೌಂಟೆಂಟ್ 1,350ಕ್ಕೆ ಮಾತ್ರ ಪಾಸ್ ಮಾಡಿದರೆ ಏನಾಗುತ್ತದೆ? ಬ್ರಾಂಚಿಗೆ 5,110ರ ಬದಲು 4,610 ಹೋಗುತ್ತದೆ. ಆಗ ಪೆಟ್ಟಿಗೆಯಲ್ಲಿ 9,000 ನಗದು, 500 ಮುಂಗಡ; 500 ಕಮ್ಮಿ. ವೋಚರ್ ತಿರಸ್ಕರಿಸಿದ ಮಾತ್ರಕ್ಕೆ ಹೋದ ಹಣ ಪೆಟ್ಟಿಗೆಗೆ ವಾಪಸ್ ಬರುವುದಿಲ್ಲ. ಆ 500ಕ್ಕೆ ಯಾರಾದರೂ ಉತ್ತರ ಹೇಳಬೇಕು. ಪ್ರಿಂಟರ್ ಸಾಗಿಸಿದ ಆಟೊ ಬಾಡಿಗೆಯನ್ನು ಕ್ಯಾಷಿಯರ್ ಇದರಲ್ಲೇ ಸೇರಿಸಿರಬಹುದು. ಹಾಗಿದ್ದರೆ ಅದಕ್ಕೆ ಆಟೊದವರ ಸಹಿ, ಮ್ಯಾನೇಜರ್ ಮಂಜೂರಾತಿ ಇರುವ ಬೇರೆ ವೋಚರ್ ಮಾಡಬೇಕು, ಹೆಡ್ ಸಾಗಾಟದ್ದಾಗಬೇಕು. ಇಲ್ಲದಿದ್ದರೆ ವಸೂಲಾಗುವವರೆಗೆ ಅಷ್ಟೂ ಹಣ ಕ್ಯಾಷಿಯರ್ ಹೆಸರಿನಲ್ಲಿ ಬಾಕಿ ನಿಲ್ಲುತ್ತದೆ.

ಫೋಟೊ ನೋಡಿ ಪಾಸ್ ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ: ಅದೇ ಬಿಲ್ಲಿನ ಫೋಟೊ ಮುಂದಿನ ತಿಂಗಳು ಬೇರೆ ವೋಚರ್ ಜೊತೆ ಮತ್ತೆ ಬರಬಹುದು. ಆದ್ದರಿಂದ ಹಣ ಕೊಟ್ಟ ತಕ್ಷಣ ಮೂಲ ಬಿಲ್ಲಿನ ಮೇಲೆ 'ಪೇಯ್ಡ್' ಸೀಲು ಒತ್ತಿ ವೋಚರ್ ನಂಬರ್ ಬರೆಯಬೇಕು. ಫೋಟೊ ತೆಗೆಯುವುದು ಆಮೇಲೆ, ಕಾಗದದ ನಾಲ್ಕು ಮೂಲೆಯೂ ಕಾಣುವಂತೆ.