ಕೃಷ್ಣದೇವರಾಯನಿಗೆ ಮೈಸೂರು ಪೇಟ ಯಾಕೆ?

ಶಾಲಾ ನಾಟಕಗಳ ಪೋಸ್ಟರಿನಲ್ಲಿ ಕೃಷ್ಣದೇವರಾಯ ಹೆಚ್ಚುಕಡಿಮೆ ಒಂದೇ ಥರ ಇರುತ್ತಾನೆ. ತಲೆಗೆ ಮೈಸೂರು ಪೇಟ, ಇಲ್ಲವೇ ಪೌರಾಣಿಕ ನಾಟಕದ ಕಿರೀಟ. ಮೈಗೆ ಮಖಮಲ್ಲಿನ ನಿಲುವಂಗಿ, ಕಾಲಿಗೆ ತುದಿ ಸುರುಳಿ ಸುತ್ತಿದ ಜೋಡು. ಪಕ್ಕದಲ್ಲಿ ರವಿವರ್ಮನ ಕ್ಯಾಲೆಂಡರಿನಿಂದ ಇಳಿದು ಬಂದಂಥ ರಾಣಿ. ಇದಕ್ಕೆ ಚಿತ್ರಕಾರರನ್ನು ದೂರಿ ಫಲವಿಲ್ಲ. ‘ವಿಜಯನಗರದ ರಾಜ, ರಾಜವೇಷದಲ್ಲಿ’ ಎಂದಷ್ಟೇ ಬರೆದುಕೊಟ್ಟರೆ ಅವರು ತಾವು ಕಂಡ ರಾಜರನ್ನೆಲ್ಲ ಬೆರೆಸಿ ಒಬ್ಬನನ್ನು ಮಾಡುತ್ತಾರೆ. ಪೋಸ್ಟರು ಕೆಡುವುದು ಕುಂಚ ಹಿಡಿಯುವ ಮೊದಲೇ, ಆ ಒಂದು ಸಾಲಿನಲ್ಲಿ.

ಕಾಲವನ್ನು ಹೇಳಿದರೆ ಸಾಲದು, ಸಂದರ್ಭವನ್ನೂ ಹೇಳಬೇಕು. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಅಷ್ಟರೊಳಗೂ ಅವನು ದೇವಸ್ಥಾನದಲ್ಲಿ ಕಾಣುವ ರೀತಿ ಬೇರೆ, ಓಲಗದಲ್ಲಿ ಕಾಣುವ ರೀತಿ ಬೇರೆ. ತಿರುಮಲೆಯ ದೇವಾಲಯದಲ್ಲಿ ಅವನ ಲೋಹದ ಪ್ರತಿಮೆಯಿದೆ, ತಿರುಮಲದೇವಿ ಮತ್ತು ಚಿನ್ನಾದೇವಿ ಎಡಬಲಕ್ಕೆ ನಿಂತಿದ್ದಾರೆ. ಅಲ್ಲಿ ರಾಯ ಕೈಮುಗಿದ ಭಕ್ತ: ಬರಿಮೈ, ಸೊಂಟಕ್ಕೆ ಪಂಚೆ, ಮೈತುಂಬ ಒಡವೆ. ತಲೆಯ ಮೇಲೆ ಮಾತ್ರ ಮೇಲಕ್ಕೆ ಕಿರಿದಾಗುತ್ತ ಹೋಗುವ ಎತ್ತರದ ಟೋಪಿ. ಅದೇ ಕುಲ್ಲಾಯಿ. ದೇವರ ಮುಂದೆ ಅಂಗಿ ತೆಗೆದವನು ಟೋಪಿಯನ್ನು ಉಳಿಸಿಕೊಂಡಿದ್ದಾನೆ.

ಓಲಗದ ಉಡುಪನ್ನು ಕಣ್ಣಾರೆ ನೋಡಿ ಬರೆದವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್. ಸುಮಾರು 1520ರಲ್ಲಿ ಅವನು ಕ್ರಿಸ್ಟೋವಾವೊ ದ ಫಿಗೆರೆದೊ ಎಂಬವನ ತಂಡದೊಡನೆ ಅರಸನನ್ನು ಕಂಡ. ಅವನ ಪ್ರಕಾರ ರಾಯ ಉಟ್ಟಿದ್ದು ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿ ಬಟ್ಟೆ. ಕೊರಳಲ್ಲಿ ವಜ್ರದ ಪದಕ, ತಲೆಯ ಮೇಲೆ ನಯವಾದ ರೇಷ್ಮೆ ಹೊದಿಸಿದ ಜರತಾರಿ ಟೋಪಿ, ಕಾಲು ಬರಿಗಾಲು. ಅರಸನಿರುವಲ್ಲಿಗೆ ಯಾರೂ ಕಾಲಿಗೆ ಹಾಕಿಕೊಂಡು ಹೋಗುವಂತಿರಲಿಲ್ಲ ಎಂದೂ ಅವನು ಹೇಳುತ್ತಾನೆ. ಸುರುಳಿ ತುದಿಯ ಜೋಡಿನ ಕಥೆ ಅಲ್ಲಿಗೆ ಮುಗಿಯಿತು. ಬೀಳ್ಕೊಡುವಾಗ ರಾಯ ಫಿಗೆರೆದೊನಿಗೆ ಜರತಾರಿಯ ಕಬಾಯಿಯನ್ನೂ ತಾನು ಧರಿಸಿದಂಥದೇ ಟೋಪಿಯನ್ನೂ ಉಡುಗೊರೆ ಕೊಟ್ಟ. ಪೋಸ್ಟರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೆ? ಎರಡು ದೇಶದ ಉಡುಪು ಎದುರುಬದುರಾಗಿ ನಿಂತಿದೆ, ಟೋಪಿ ಕೈಯಿಂದ ಕೈಗೆ ಹೋಗುತ್ತಿದೆ.

ಕಬಾಯಿ ಎಂದರೆ ಮೊಣಕಾಲು ದಾಟಿ ಇಳಿಯುವ, ಉದ್ದ ತೋಳಿನ ನಿಲುವಂಗಿ. ಅರಬ್ಬರ, ಪರ್ಷಿಯನ್ನರ ಆಸ್ಥಾನಗಳಿಂದ ಬಂದ ಉಡುಪು ಇದು. ‘ಹಾಗಾದರೆ ಹಿಂದೂ ರಾಜನಿಗೆ ಹಾಕುವುದು ಸರಿಯೇ?’ ಎಂದು ಪಾಲಕರ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರ ಒಂದು ಪ್ರಬಂಧದಲ್ಲಿ ಇದನ್ನೇ ಬಿಡಿಸಿಟ್ಟಿದ್ದಾರೆ. ವಿಜಯನಗರದ ಅರಸರು ಸಾರ್ವಜನಿಕ ಸಂದರ್ಭಗಳಲ್ಲಿ ಆ ಕಾಲದ ದೊಡ್ಡ ಆಸ್ಥಾನಗಳೆಲ್ಲ ಒಪ್ಪಿದ್ದ ಉಡುಪನ್ನು ತಾವೂ ತೊಟ್ಟರು. ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಧರಿಸಿದವರಿಗೆ ಇದರಲ್ಲಿ ಇರುಸುಮುರುಸೇನೂ ಇರಲಿಲ್ಲ. ಅನುಮಾನವಿದ್ದವರು ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋಗಿ ಕತ್ತೆತ್ತಿ ನೋಡಬಹುದು. ಕೃಷ್ಣದೇವರಾಯನ ತಮ್ಮ ಅಚ್ಯುತರಾಯನ ಕಾಲದ ಆ ಚಾವಣಿ ಚಿತ್ರಗಳಲ್ಲಿ, ಕೈಮುಗಿದು ಸಾಲಾಗಿ ನಿಂತ ಗಂಡಸರು ಬಿಳಿ ಕಬಾಯಿ, ಎತ್ತರದ ಕುಲ್ಲಾಯಿಯಲ್ಲೇ ಇದ್ದಾರೆ.

ಹೆಂಗಸರ ಉಡುಪು ಬಂದಾಗ ಶಾಲೆಗೆ ನಿಜವಾದ ಪೇಚು. ಅಂದಿನ ಶಿಲ್ಪಗಳಲ್ಲಿ ಹೆಣ್ಣಿನ ಮೇಲ್ಮೈ ಎಷ್ಟೋ ಸಲ ಬರಿದಾಗಿರುತ್ತದೆ, ಅದನ್ನು ಶಾಲೆಯ ಗೋಡೆಗೆ ಅಂಟಿಸಲಾಗದು. ಹಾಗೆಂದು ಅರ್ಧತೋಳಿನ ರವಿಕೆ, ಮುಂದೆ ನೆರಿಗೆ, ಭುಜಕ್ಕೆ ಪಿನ್ನು ಹಾಕಿದ ಸೆರಗು ಕೊಟ್ಟರೆ ನಾಲ್ಕು ಶತಮಾನ ಮುಂದಕ್ಕೆ ಜಿಗಿದಂತೆ. ದಾರಿ ತೋರಿಸುವವನು ಇನ್ನೊಬ್ಬ ಪೋರ್ಚುಗೀಸ, ದುವಾರ್ತೆ ಬಾರ್ಬೋಸಾ. ಸುಮಾರು 1516ರಲ್ಲಿ ಅವನು ಬರೆದಿಟ್ಟ ವಿವರ ಹೀಗಿದೆ: ಐದು ಗಜದ ತೆಳು ಬಿಳಿ ಹತ್ತಿ ಬಟ್ಟೆ ಅಥವಾ ಗಾಢ ಬಣ್ಣದ ರೇಷ್ಮೆ. ಒಂದು ಭಾಗ ಸೊಂಟಕ್ಕೆ ಸುತ್ತು, ಉಳಿದದ್ದು ಎದೆಯ ಮೇಲೆ ಹಾದು ಒಂದು ಭುಜದ ಮೇಲೆ. ಇನ್ನೊಂದು ಭುಜವೂ ತೋಳೂ ಬರಿದು. ತಲೆಯ ಮೇಲೆ ಹೊದಿಕೆಯಿಲ್ಲ, ಬಿಗಿದು ಕಟ್ಟಿದ ತುರುಬು, ತುರುಬಿನ ತುಂಬ ಹೂವು, ಮೂಗಿನ ಒಂದು ಹೊಳ್ಳೆಯಲ್ಲಿ ಚಿನ್ನದ ತಂತಿಗೆ ತೂಗಿದ ಮುತ್ತು ಅಥವಾ ಕೆಂಪು. ಇಷ್ಟನ್ನು ಹಾಗೇ ಬಿಡಿಸಿದರೆ ಕಾಲಕ್ಕೂ ಮೋಸವಿಲ್ಲ, ಮುಖ್ಯೋಪಾಧ್ಯಾಯರ ಹುಬ್ಬೂ ಏರುವುದಿಲ್ಲ. ವೇದಿಕೆಯ ಮೇಲೆ ಹುಡುಗಿ ಮೈಬಣ್ಣದ ಕುಪ್ಪಸ ತೊಡಲಿ, ಪೋಸ್ಟರಿನಲ್ಲಿ ಅದನ್ನು ತೋರಿಸಬೇಕಿಲ್ಲ.

ಪಾಯಸ್ ಇನ್ನೊಂದು ಸ್ವಾರಸ್ಯ ಬರೆದಿದ್ದಾನೆ. ಮಹಾನವಮಿಯ ಮೆರವಣಿಗೆಯಲ್ಲಿ ಬಂದ ರಾಣಿವಾಸದ ಹೆಂಗಸರೂ ಎತ್ತರದ ಟೋಪಿ ಹಾಕಿದ್ದರಂತೆ, ಅದರ ಮೇಲೆ ಮುತ್ತಿನ ಹೂಗಳು. ನಾಟಕದಲ್ಲಿ ನವರಾತ್ರಿಯ ದೃಶ್ಯವಿದ್ದರೆ ಇದನ್ನು ಬಿಡಬಾರದು. ನಮ್ಮ ಕಣ್ಣಿಗೆ ರೂಢಿಯಿಲ್ಲದ ವಿವರವೇ ಪೋಸ್ಟರಿನ ಮುಂದೆ ಜನರನ್ನು ನಿಲ್ಲಿಸುವುದು.

ಈಗ ಚಿತ್ರಕಾರರಿಗೆ ಕೊಡುವ ಚೀಟಿ. ಉಡುಪಿನ ಹೆಸರಷ್ಟೇ ಬರೆದರೆ ಕೈಗೆ ಏನೂ ಸಿಗುವುದಿಲ್ಲ. ಆಕಾರ, ಬಟ್ಟೆ, ಅದು ಎಲ್ಲಿಯವರೆಗೆ ಇಳಿಯುತ್ತದೆ, ಕೆಳಗಿನಿಂದ ಏನು ಕಾಣುತ್ತದೆ, ಇವನ್ನು ಹೇಳಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

‘ವಿಜಯನಗರ, ಸುಮಾರು 1520, ಓಲಗ. ಎಡಗಡೆ ಅರಸ: ಮಧ್ಯಮ ಎತ್ತರ, ತುಸು ತುಂಬಿದ ಮೈ. ತಲೆಯ ಮೇಲೆ ಜರತಾರಿಯ ಗಟ್ಟಿ ಟೋಪಿ, ಎತ್ತರ ಮುಖದುದ್ದಕ್ಕಿಂತ ಕಡಿಮೆಯಿರಬಾರದು, ಮೇಲಕ್ಕೆ ಕಿರಿದಾಗಿ ತುದಿ ದುಂಡಗಿರಲಿ. ಗರಿ, ಕಿರೀಟ, ಸುತ್ತಿದ ರುಮಾಲು ಬೇಡ. ಮೈಗೆ ಮೊಣಕಾಲು ದಾಟುವ, ಉದ್ದ ತೋಳಿನ ತೆಳು ಬಿಳಿ ನಿಲುವಂಗಿ, ಮೇಲೆ ಸಣ್ಣ ಚಿನ್ನದ ಹೂಗಳು. ಅಂಗಿಯ ಕೆಳಗೆ ಪಂಚೆಯ ಅಂಚು ಕಾಣಲಿ. ಬರಿಗಾಲು. ಬಲಗಡೆ ಪೋರ್ಚುಗೀಸ: ಬಿಗಿ ಮೇಲಂಗಿ, ಕಾಲಿಗಂಟಿದ ಕಾಲುಚೀಲ, ಚಪ್ಪಟೆ ಟೋಪಿ. ಬ್ರಿಟಿಷರ ಕೆಂಪು ಕೋಟು, ಬಿಳಿ ಕೃತಕ ಕೂದಲು ಬೇಡ. ಅರಸ ತನ್ನದರಂಥದೇ ಇನ್ನೊಂದು ಟೋಪಿಯನ್ನು ಅವನತ್ತ ಚಾಚಿದ್ದಾನೆ.’

‘ಬೇಡ’ ಎಂದು ಬರೆದ ಸಾಲುಗಳೇ ಹೆಚ್ಚು ಕೆಲಸ ಮಾಡುತ್ತವೆ, ಕೈ ರೂಢಿಯ ಕಡೆಗೆ ಹೊರಳುವುದು ಅಲ್ಲೇ. ಬಣ್ಣಕ್ಕೂ ಅಂಥದೊಂದು ಸಾಲು ಸೇರಿಸಿ. ರಾಸಾಯನಿಕ ಬಣ್ಣಗಳು ಹುಟ್ಟಿದ್ದು 1856ರ ನಂತರ. ಆದ್ದರಿಂದ ಕಣ್ಣು ಕುಕ್ಕುವ ನೇರಳೆ, ಮಿಂಚುವ ಹಸಿರು ಇಲ್ಲಿ ಬೇಡ. ನೀಲಿಗಿಡದ ಕಡುನೀಲಿ, ಬೇರಿನಿಂದ ತೆಗೆದ ಇಟ್ಟಿಗೆಗೆಂಪು, ಅರಿಸಿನ ಛಾಯೆ, ಬಿಳಿ ಸಾಕು.

ಕರಡು ಚಿತ್ರ ಬಂದಾಗ ಒಂದು ಪರೀಕ್ಷೆ ಮಾಡಿ. ಅದರ ನಕಲಿನಲ್ಲಿ ಎರಡೂ ಆಕೃತಿಗಳನ್ನು ಪೂರ್ತಿ ಕಪ್ಪು ತುಂಬಿ ದೂರದಿಂದ ನೋಡಿ. ಆ ಕಪ್ಪು ಆಕಾರ ಶಿವಾಜಿಗೂ ಅಕ್ಬರನಿಗೂ ಟಿಪ್ಪುವಿಗೂ ಒಪ್ಪುವಂತಿದ್ದರೆ ಚೀಟಿಯಲ್ಲಿ ಏನೋ ಬಿಟ್ಟುಹೋಗಿದೆ. ಸಾಮಾನ್ಯವಾಗಿ ಕೆಟ್ಟಿರುವುದು ಟೋಪಿಯೇ. ಮೇಲ್ಗಡೆ ನಾಟಕದ ಹೆಸರು, ಶಾಲೆಯ ಲಾಂಛನ, ಮುಖ್ಯ ಅತಿಥಿಗಳ ಹೆಸರು ಎಲ್ಲ ಬಂದು ಕೂತ ಮೇಲೆ ಜಾಗ ಸಾಲದೆ ಚಿತ್ರಕಾರರು ಕುಲ್ಲಾಯಿಯನ್ನು ಕುಗ್ಗಿಸಿ ಬೋಗುಣಿ ಮಾಡಿಬಿಡುತ್ತಾರೆ. ಅಕ್ಷರಗಳನ್ನು ಕೆಳಕ್ಕೆ ಇಳಿಸಿ, ಅತಿಥಿಗಳ ಹೆಸರು ಸಣ್ಣದಾದರೂ ಚಿಂತೆಯಿಲ್ಲ.