ಕೂದಲಿಗೆ ಬೇಕಾದದ್ದು ಪ್ರೊಟೀನೋ, ತೇವವೋ?

ಹೇರ್ ಮಾಸ್ಕ್ ಎಂದರೆ ಶಾಂಪೂ ಹಾಕಿ ತೊಳೆದ ಕೂದಲಿಗೆ ಸವರಿ, ಐದು ಹತ್ತು ನಿಮಿಷ ಬಿಟ್ಟು ತೊಳೆಯುವ ಗಟ್ಟಿಯಾದ ಕಂಡೀಷನರ್. ಅಂಗಡಿಯಲ್ಲಿ ಸಿಗುವ ಮಾಸ್ಕ್‌ಗಳನ್ನು ಸ್ಥೂಲವಾಗಿ ಎರಡು ಬಗೆ ಮಾಡಬಹುದು. ಒಂದು, ಕೂದಲನ್ನು ನುಣುಪು ಮಾಡುವ ತೇವದ ಮಾಸ್ಕ್. ಇನ್ನೊಂದು, ಸವೆದ ಕೂದಲಿಗೆ ಬಿಗಿ ಕೊಡುವ ಪ್ರೊಟೀನ್ ಮಾಸ್ಕ್. ಒಣಗಿದಂತೆ ಕಾಣುವ ಕೂದಲಿಗೆಲ್ಲ ಪ್ರೊಟೀನ್ ಬೇಕು ಎಂದು ನಂಬಿ ಕೊಳ್ಳುವವರೇ ಹೆಚ್ಚು. ಅವರಲ್ಲಿ ಬಹುತೇಕರಿಗೆ ಬೇಕಾಗಿರುವುದು ಮೊದಲನೆಯದು.

ಕೂದಲು ಬಹುಪಾಲು ಕೆರಾಟಿನ್ ಎಂಬ ಪ್ರೊಟೀನಿನಿಂದಲೇ ಆದದ್ದು. ಒಳಗಿನ ತಿರುಳು ಕೂದಲಿಗೆ ಬಲವನ್ನೂ ಹಿಗ್ಗುವ ಗುಣವನ್ನೂ ಕೊಡುತ್ತದೆ. ಅದರ ಮೇಲೆ, ಮನೆಯ ಮಾಡಿಗೆ ಹೆಂಚು ಹೊದಿಸಿದಂತೆ, ಒಂದರ ಮೇಲೊಂದು ಸರಿದು ಕೂತ ತೆಳ್ಳನೆಯ ಪೊರೆಗಳಿವೆ. ಈ ಪೊರೆಗಳ ಹೊರಮೈಗೆ ಅಂಟಿಕೊಂಡ ಕೊಬ್ಬಿನ ಪದರ ನೀರನ್ನು ಹೊರಗಿಟ್ಟು ಕೂದಲುಗಳು ಒಂದಕ್ಕೊಂದು ಜಾರುವಂತೆ ಮಾಡುತ್ತದೆ. ಬ್ಲೀಚ್, ಬಣ್ಣ, ಸ್ಟ್ರೈಟ್ನಿಂಗ್ ಮತ್ತು ವಿಪರೀತ ಬಿಸಿ ಮೊದಲು ಕಸಿಯುವುದು ಈ ಕೊಬ್ಬನ್ನು. ಅವು ಮಿತಿ ಮೀರಿದರೆ ಒಳಗಿನ ಕೆರಾಟಿನ್ ಬಂಧಗಳೂ ಮುರಿಯುತ್ತವೆ. ಕೂದಲು ಜೀವವಿಲ್ಲದ ವಸ್ತುವಾದ್ದರಿಂದ ಹೀಗೆ ಕಳೆದುಕೊಂಡದ್ದನ್ನು ತಾನಾಗಿ ಬೆಳೆಸಿಕೊಳ್ಳಲಾರದು.

ಮುಟ್ಟಿದರೆ ಒಣಗಿದೆ ಅನ್ನಿಸುವ ಕೂದಲಲ್ಲಿ ನೀರಿನ ಕೊರತೆ ಇರಲೇಬೇಕೆಂದಿಲ್ಲ. ಬ್ಲೀಚ್ ಆದ ಕೂದಲು ಆರೋಗ್ಯವಂತ ಕೂದಲಿಗಿಂತ ಹೆಚ್ಚು ನೀರು ಹೀರುತ್ತದೆ, ಹೆಚ್ಚು ಊದಿಕೊಳ್ಳುತ್ತದೆ. ಆದರೂ ಒರಟಾಗಿರುತ್ತದೆ. ಬೆರಳಿಗೆ ತಿಳಿಯುವ ಆ ಒಣತನ ಎದ್ದು ನಿಂತ ಪೊರೆಗಳ ಉಜ್ಜಾಟ. ಆದ್ದರಿಂದ ತೇವದ ಮಾಸ್ಕ್ ಎಂಬ ಹೆಸರಿದ್ದರೂ ಅದರ ಕೆಲಸ ನೀರು ತುಂಬುವುದಲ್ಲ. ಅದರಲ್ಲಿರುವ ಬೆಹೆಂಟ್ರೈಮೋನಿಯಂ ಕ್ಲೋರೈಡ್‌ನಂಥ ವಸ್ತುಗಳಿಗೆ ಧನವಿದ್ಯುದಂಶವಿದೆ, ಸವೆದ ಕೂದಲಿನ ಮೇಲ್ಮೈಗೆ ಋಣವಿದ್ಯುದಂಶ ಹೆಚ್ಚು. ಹೀಗಾಗಿ ಎಲ್ಲಿ ಸವೆತ ಜಾಸ್ತಿಯೋ ಅಲ್ಲಿ ಅವು ಹೆಚ್ಚು ಅಂಟುತ್ತವೆ. ಜೊತೆಗಿರುವ ಸೀಟೈಲ್ ಆಲ್ಕೊಹಾಲ್, ಸ್ಟಿಯರೈಲ್ ಆಲ್ಕೊಹಾಲ್‌ಗಳು ಹೆಸರಿಗೆ ಆಲ್ಕೊಹಾಲ್ ಆದರೂ ಮೇಣದಂಥ ಕೊಬ್ಬುಗಳು. ಕೂದಲನ್ನು ಒಣಗಿಸುವುದಿಲ್ಲ, ಕಳೆದುಹೋದ ಜಾರುವಿಕೆಯನ್ನು ತಾತ್ಕಾಲಿಕವಾಗಿ ತುಂಬಿಕೊಡುತ್ತವೆ.

ಪ್ರೊಟೀನ್ ಮಾಸ್ಕ್‌ನಲ್ಲಿ ಇದರ ಮೇಲೆ ಇನ್ನೊಂದು ವಸ್ತು ಸೇರಿರುತ್ತದೆ: ಕೆರಾಟಿನ್, ಗೋಧಿ, ಸೋಯಾ ಅಥವಾ ರೇಷ್ಮೆಯ ಪ್ರೊಟೀನನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದದ್ದು. ಪಟ್ಟಿಯಲ್ಲಿ ಹೈಡ್ರೊಲೈಸ್ಡ್ ಎಂದಿದ್ದರೆ ಅದೇ. ತೀರಾ ಚಿಕ್ಕ ತುಣುಕುಗಳು ಪೊರೆಗಳ ಸಂದಿನಿಂದ ಒಳಸೇರಬಲ್ಲವು, ದೊಡ್ಡವು ಹೊರಗೆ ತೆಳು ಪದರವಾಗಿ ಕೂರುತ್ತವೆ. ಮುರಿದ ಬಂಧಗಳನ್ನು ಇವು ಮತ್ತೆ ಬೆಸೆಯುವುದಿಲ್ಲ, ಸವೆದ ಕೂದಲಿಗೆ ಒಂದಿಷ್ಟು ಬಿಗಿ ಕೊಡುತ್ತವೆ ಅಷ್ಟೆ. ಸವೆಯದ ಕೂದಲಿಗೆ ಆ ಬಿಗಿಯೇ ತೊಂದರೆ. ವಾರವಾರವೂ ಹಚ್ಚಿದರೆ ಪದರ ದಪ್ಪವಾಗಿ ಕೂದಲು ಸೆಡೆತುಕೊಂಡು, ಒಣಹುಲ್ಲಿನಂತಾಗಿ, ಬಾಚುವಾಗ ಸಿಕ್ಕಾಗುತ್ತದೆ. ಇದನ್ನು ಇನ್ನಷ್ಟು ಹಾನಿಯೆಂದು ತಿಳಿದು ಮತ್ತಷ್ಟು ಪ್ರೊಟೀನ್ ಹಚ್ಚುವವರಿದ್ದಾರೆ. ಸಲೂನ್‌ಗಳ ‘ಕೆರಾಟಿನ್ ಟ್ರೀಟ್‌ಮೆಂಟ್’ ಬೇರೆಯೇ ವಿಷಯ. ಅದು ರಾಸಾಯನಿಕ ಮತ್ತು ಬಿಸಿಯಿಂದ ಕೂದಲನ್ನು ನೇರ ಮಾಡುವ ವಿಧಾನ, ಪೋಷಣೆಯಲ್ಲ.

ತನ್ನ ಕೂದಲಿಗೆ ಯಾವುದು ಬೇಕೆಂದು ತಿಳಿಯಲು ಮೊದಲು ಅದರ ಚರಿತ್ರೆಯನ್ನು ನೋಡಬೇಕು. ಬ್ಲೀಚ್, ರಾಸಾಯನಿಕ ಸ್ಟ್ರೈಟ್ನಿಂಗ್, ದಿನನಿತ್ಯ ಐರನ್, ಇವುಗಳಲ್ಲಿ ಯಾವುದೂ ಆಗಿರದಿದ್ದರೆ ಪ್ರೊಟೀನ್ ಮಾಸ್ಕ್ ಅನಗತ್ಯ ಎಂದೇ ಹೇಳಬಹುದು. ಆಗಿದ್ದರೆ, ಬಾಚಣಿಗೆಗೆ ಬಂದ ಕೂದಲೊಂದನ್ನು ಚೆನ್ನಾಗಿ ನೆನೆಸಿ, ಹತ್ತು ಸೆಂಟಿಮೀಟರ್ ಭಾಗವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ಒದ್ದೆಯಾದ ಆರೋಗ್ಯವಂತ ಕೂದಲು ಹನ್ನೆರಡು ಸೆಂಟಿಮೀಟರಿನಷ್ಟು ಹಿಗ್ಗಿ, ಬಿಟ್ಟಾಗ ಹಿಂದಿನ ಅಳತೆಗೆ ಬರುತ್ತದೆ. ಎಳೆದಷ್ಟೂ ಸುಲಭವಾಗಿ ಬಂದು, ಮೆತ್ತಗೆ ಅಂಟಂಟಾಗಿ, ಬಿಟ್ಟರೂ ಉದ್ದವಾಗಿಯೇ ಉಳಿದರೆ ತಿರುಳು ಸೋತಿದೆ. ಅಲ್ಲಿ ಪ್ರೊಟೀನಿಗೆ ಕೆಲಸವಿದೆ. ಚೆನ್ನಾಗಿ ಹಿಗ್ಗಿ ಮರಳಿಯೂ ಮೈ ಒರಟಾಗಿದ್ದರೆ ತೇವದ ಮಾಸ್ಕ್ ಸಾಕು. ಹಿಗ್ಗದೆ ಪಟ್ಟನೆ ತುಂಡಾದರೆ ಮಾತ್ರ ತೀರ್ಪು ಕಷ್ಟ: ಪ್ರೊಟೀನ್ ಪದರದ ಬಿಗಿತವಿರಬಹುದು, ಬಿಸಿಯಿಂದ ಸುಟ್ಟ ಕೂದಲೂ ಹಾಗೆಯೇ ಮುರಿಯಬಹುದು. ಒಂದೇ ಎಳೆಯನ್ನು ನಂಬದೆ ನಾಲ್ಕೈದು ಎಳೆಗಳನ್ನು ನೋಡಬೇಕು. ಕೂದಲನ್ನು ಲೋಟದ ನೀರಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವ ಪರೀಕ್ಷೆಯನ್ನು ನಂಬುವಂತಿಲ್ಲ, ಕೂದಲಿಗೆ ಅಂಟಿದ ಎಣ್ಣೆಯೋ ಗಾಳಿಗುಳ್ಳೆಯೋ ಫಲಿತಾಂಶವನ್ನು ಬದಲಿಸಿಬಿಡುತ್ತದೆ.

ಉದಾಹರಣೆಗೆ, ಭುಜದ ಕೆಳಗೆ ಇಳಿಯುವ ನಲವತ್ತು ಸೆಂಟಿಮೀಟರ್ ಕೂದಲನ್ನು ತೆಗೆದುಕೊಳ್ಳಬಹುದು. ವರ್ಷದ ಹಿಂದೆ ಬ್ಲೀಚ್ ಮಾಡಿ ಹೈಲೈಟ್ಸ್ ಹಾಕಿಸಲಾಗಿದೆ, ಮನೆಗೆ ಬರುವುದು ಬೋರ್‌ವೆಲ್ ನೀರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುವುದರಿಂದ, ಬುಡದ ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಬ್ಲೀಚ್ ಕಾಣದ ಹೊಸ ಕೂದಲು. ಕೆಳಗಿನದು ಹಳೆಯದು. ಒಂದೇ ತಲೆಯಲ್ಲಿ ಎರಡು ಬಗೆಯ ಕೂದಲಿದ್ದಂತಾಯಿತು. ಬುಡದಿಂದ ತುದಿಯವರೆಗೆ ಪ್ರತಿವಾರ ಪ್ರೊಟೀನ್ ಹಚ್ಚಿದರೆ ಬುಡ ಸೆಡೆತುಕೊಳ್ಳುತ್ತದೆ, ತುದಿಯ ಒರಟು ಹೋಗುವುದಿಲ್ಲ. ಸರಿಯಾದ ದಾರಿ ಹೀಗೆ: ಮೊದಲು ಇಡಿಟಿಎ ಇರುವ ಕ್ಲ್ಯಾರಿಫೈಯಿಂಗ್ ಶಾಂಪೂವಿನಿಂದ ಒಮ್ಮೆ ತೊಳೆಯಬೇಕು. ಗಡಸು ನೀರಿನ ಕ್ಯಾಲ್ಸಿಯಂ ಕೂದಲ ಮೇಲೆ ಕೂತು ಥೇಟ್ ಒಣತನದಂತೆಯೇ ಕಾಣುತ್ತದೆ, ಅದು ಹೋಗದೆ ಯಾವ ಮಾಸ್ಕ್‌ನ ಗುಣವನ್ನೂ ಅಳೆಯಲಾಗದು. ಆಮೇಲೆ ಪ್ರತಿ ಬಾರಿ ತಲೆ ತೊಳೆದಾಗಲೂ ನೀರು ಹಿಂಡಿ, ಕಿವಿಯ ಮಟ್ಟದಿಂದ ಕೆಳಗೆ ತೇವದ ಮಾಸ್ಕ್. ಪ್ರೊಟೀನ್ ಮಾಸ್ಕ್ ತಿಂಗಳಿಗೊಮ್ಮೆ, ಬ್ಲೀಚ್ ಆದ ಭಾಗಕ್ಕೆ ಮಾತ್ರ, ಹತ್ತು ನಿಮಿಷ; ತೊಳೆದ ಮೇಲೆ ಸಾಮಾನ್ಯ ಕಂಡೀಷನರ್. ಪೊಟ್ಟಣದ ಮೇಲೆ ಹೇಳಿದ ಸಮಯಕ್ಕಿಂತ ಗಂಟೆಗಟ್ಟಲೆ ಹೆಚ್ಚು ಬಿಟ್ಟರೆ ಫಲವೇನೂ ಹೆಚ್ಚುವುದಿಲ್ಲ. ಎರಡು ತಿಂಗಳಲ್ಲಿ ಬಾಚಣಿಗೆಯಲ್ಲಿ ಗಿಡ್ಡ ತುಂಡುಗಳು ಕಡಿಮೆಯಾದರೆ ಹಾದಿ ಸರಿಯಿದೆ.

ಮನೆಮದ್ದುಗಳನ್ನೂ ಇದೇ ಲೆಕ್ಕದಲ್ಲಿ ತೂಗಬಹುದು. ಮೊಟ್ಟೆಯ ಬಿಳಿಯಲ್ಲಿ ಪ್ರೊಟೀನ್ ಇದ್ದರೂ ಅದರ ಅಣುಗಳು ಕೂದಲೊಳಗೆ ಹೋಗಲಾರದಷ್ಟು ದೊಡ್ಡವು. ಮೊಸರಿನದೂ ಅದೇ ಕಥೆ. ದಾಸವಾಳದ ಎಲೆ, ನೆನೆಸಿದ ಮೆಂತ್ಯದ ಲೋಳೆ ನಿಜಕ್ಕೂ ಜಾರುವಿಕೆ ಕೊಡುತ್ತವೆ, ಅವುಗಳನ್ನು ತೇವದ ಮಾಸ್ಕ್‌ನ ಸಾಲಿಗೆ ಸೇರಿಸಬಹುದು. ಕೊಬ್ಬರಿ ಎಣ್ಣೆಗೆ ಗಟ್ಟಿಯಾದ ಆಧಾರವೇ ಇದೆ. 2003ರಲ್ಲಿ ಪ್ರಕಟವಾದ ರೆಲೆ ಮತ್ತು ಮೊಹಿಲೆ ಅವರ ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದಾಗ, ಕೂದಲಿನಿಂದ ಪ್ರೊಟೀನ್ ನಷ್ಟವಾಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಕೂದಲೊಳಗೆ ಇಳಿಯುತ್ತದೆ. ತಲೆ ತೊಳೆಯುವ ಮೊದಲು ಎಣ್ಣೆ ಹಚ್ಚುವ ರೂಢಿ, ಪ್ರೊಟೀನ್ ಸೇರಿಸುವ ಬದಲು ಇರುವುದನ್ನು ಉಳಿಸುವ ಉಪಾಯ.

ಸೀಳಿದ ತುದಿಯನ್ನು ಯಾವ ಮಾಸ್ಕ್ ಕೂಡ ಕೂಡಿಸದು, ಕತ್ತರಿಸಿಯೇ ತೆಗೆಯಬೇಕು. ಉದುರಿದ ಕೂದಲಿನ ಒಂದು ತುದಿಯಲ್ಲಿ ಚಿಕ್ಕ ಬಿಳಿ ಗಂಟು ಕಂಡರೆ ಅದು ಬುಡದಿಂದಲೇ ಉದುರಿದ್ದು, ಮಧ್ಯೆ ಮುರಿದದ್ದಲ್ಲ. ಅಂಥವು ದಿನೇ ದಿನೇ ಹೆಚ್ಚಾದರೆ ಮಾಸ್ಕ್ ಬದಲಿಸುವುದನ್ನು ಬಿಟ್ಟು ಚರ್ಮವೈದ್ಯರ ಬಳಿ ಹೋಗಬೇಕು.