ಒಮ್ಮೆ ಬರೆದಿಟ್ಟ ಉತ್ತರ: ಗ್ರಾಹಕರ ನಿತ್ಯದ ಪ್ರಶ್ನೆಗಳಿಗೆ ಮೊಬೈಲಿನಲ್ಲೇ ವ್ಯವಸ್ಥೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಣ್ಣ ತಯಾರಕರು ಇಂದು ತಮ್ಮ ಊರಿನ ಗಿರಾಕಿಗಳನ್ನಷ್ಟೇ ನಂಬಿ ಕುಳಿತಿಲ್ಲ. ಗಾಣದ ಎಣ್ಣೆ, ಹುಣಸೆಹಣ್ಣು, ಹಪ್ಪಳ ಮೊದಲಾದ ಸರಕುಗಳಿಗೆ ಬೆಂಗಳೂರಿನಿಂದಲೂ ಮೊಬೈಲ್ ಮೂಲಕ ವಿಚಾರಣೆ ಬರುತ್ತದೆ. ಆದರೆ ಕೇಳುವವರು ನೂರು ಮಂದಿಯಾದರೂ ಪ್ರಶ್ನೆಗಳು ಐದಾರು ಮಾತ್ರ. ಗಾಣದ ಬಳಿ ನಿಂತವನು ಕೈ ಒರೆಸಿಕೊಂಡು ಅದೇ ಉತ್ತರವನ್ನು ಮತ್ತೆ ಮತ್ತೆ ಬರೆಯುವಷ್ಟರಲ್ಲಿ ಗಿರಾಕಿ ಬೇರೆಡೆಗೆ ಹೋಗಿರುತ್ತಾನೆ.

ಈ ತೊಂದರೆಗೆ ಮೂರು ಸಾಧನಗಳು ಲಭ್ಯವಿವೆ: ಇನ್‌ಸ್ಟಾಗ್ರಾಂನ ಹೈಲೈಟ್, ಮೇಲ್ಭಾಗದಲ್ಲಿ ನಿಲ್ಲಿಸುವ ಪಿನ್, ಮತ್ತು ವಾಟ್ಸ್ಆ್ಯಪ್ ಬಿಸಿನೆಸ್‌ನ ಸಿದ್ಧ ಉತ್ತರ. ಮೂರಕ್ಕೂ ಪ್ರತ್ಯೇಕ ಶುಲ್ಕವಿಲ್ಲ. ಆದರೆ ಯಾವ ಉತ್ತರವನ್ನು ಎಲ್ಲಿಡಬೇಕೆಂಬುದನ್ನು ಅರಿಯದೆ ಬಳಸಿದರೆ ಇವೇ ಜಗಳಕ್ಕೆ ಕಾರಣವಾಗುತ್ತವೆ.

ಮೊದಲು ಎಣಿಕೆ

ಶಿರಾ ಭಾಗದ ಒಂದು ಮರದ ಗಾಣದ ಕಡಲೆಕಾಯಿ ಎಣ್ಣೆ ಘಟಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಏಳು ದಿನ ಬಂದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಗೀಟು ಹಾಕಿ ಎಣಿಸಿದಾಗ ಅರವತ್ತು ಪ್ರಶ್ನೆಗಳಾದವೆಂದುಕೊಳ್ಳೋಣ. ಅವುಗಳಲ್ಲಿ ಇಪ್ಪತ್ತನಾಲ್ಕು ದರದ ಕುರಿತು, ಹದಿನಾಲ್ಕು ಕಳುಹಿಸುವ ಬಗೆಯ ಕುರಿತು, ಹತ್ತು ಲೀಟರ್ ಮತ್ತು ಕಿಲೋ ವ್ಯತ್ಯಾಸದ ಕುರಿತು, ಏಳು ತಳದಲ್ಲಿ ಕಾಣುವ ಗಸಿಯ ಕುರಿತು. ಉಳಿದ ಐದು ಬಿಡಿ ಪ್ರಶ್ನೆಗಳು. ಸಿದ್ಧಪಡಿಸಬೇಕಾದ ಉತ್ತರಗಳು ನಾಲ್ಕೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ನಾಲ್ಕನ್ನು ಎರಡು ಗುಂಪು ಮಾಡಬೇಕು. ಲೀಟರ್–ಕಿಲೋ ಲೆಕ್ಕ ಮತ್ತು ಗಸಿಯ ಕಾರಣ ವರ್ಷವಾದರೂ ಬದಲಾಗುವುದಿಲ್ಲ. ದರ ಮತ್ತು ಸಾಗಣೆ ವೆಚ್ಚ ಬದಲಾಗುತ್ತಿರುತ್ತವೆ. ಬದಲಾಗದ್ದು ಹೈಲೈಟ್‌ಗೆ, ಬದಲಾಗುವುದು ಸಿದ್ಧ ಉತ್ತರಕ್ಕೆ: ಇಡೀ ವ್ಯವಸ್ಥೆಯ ಸೂತ್ರ ಇಷ್ಟೇ.

ಹೈಲೈಟ್: ಬದಲಾಗದ ಉತ್ತರಗಳಿಗೆ

ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಸ್ಟೋರಿ 24 ಗಂಟೆಗಳಲ್ಲಿ ಮರೆಯಾಗುತ್ತದೆ. ಅದನ್ನು ಹೈಲೈಟ್‌ಗೆ ಸೇರಿಸಿದರೆ ಮಾಲೀಕನೇ ತೆಗೆಯುವವರೆಗೆ ಪರಿಚಯ ಪುಟದಲ್ಲಿ ವೃತ್ತಾಕಾರದ ಚಿತ್ರವಾಗಿ ಉಳಿಯುತ್ತದೆ. ಈ ಸೌಲಭ್ಯ 2017ರಿಂದ ಇದೆ.

ಒಂದು ಸ್ಟೋರಿಗೆ ಒಂದೇ ಉತ್ತರವಿರಬೇಕು. ಚಿತ್ರ ಕೆಲವೇ ಕ್ಷಣ ನಿಲ್ಲುವುದರಿಂದ ನಾಲ್ಕು ಸಾಲುಗಳಿಗಿಂತ ಹೆಚ್ಚು ಬರೆದರೆ ಯಾರೂ ಓದಲಾರರು. ವೃತ್ತದ ಕೆಳಗಿನ ಹೆಸರು ಉದ್ದವಾದರೆ ಅರ್ಧಕ್ಕೆ ತುಂಡಾಗುತ್ತದೆ. ‘ಲೀಟರ್–ಕಿಲೋ’, ‘ಗಸಿ ಏಕೆ’ ಎಂಬಂಥ ಚಿಕ್ಕ ಹೆಸರುಗಳು ಸಾಕು. ಹೊಸದಾಗಿ ಸ್ಟೋರಿ ಸೇರಿಸಿದ ಹೈಲೈಟ್ ಸಾಲಿನ ಮುಂಭಾಗಕ್ಕೆ ಬರುತ್ತದೆ. ಹಬ್ಬದ ಚಿತ್ರಗಳನ್ನು ಸೇರಿಸುತ್ತಾ ಹೋದಂತೆ ಉಪಯುಕ್ತ ಉತ್ತರಗಳು ಪರದೆಯಾಚೆಗೆ ಸರಿಯುವುದು ಇದರಿಂದಲೇ. ಒಟ್ಟು ಹೈಲೈಟ್‌ಗಳು ನಾಲ್ಕನ್ನು ಮೀರದಿದ್ದರೆ ಈ ತೊಡಕಿಲ್ಲ.

ಲೀಟರ್–ಕಿಲೋ ಉತ್ತರ ಹೀಗಿರಬಹುದು: “ಒಂದು ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಒಂದು ಕಿಲೋ ಎಂದರೆ ಸುಮಾರು 1.1 ಲೀಟರ್. ನಮ್ಮ ದರ ಲೀಟರ್ ಲೆಕ್ಕದ್ದು.” ಲೀಟರಿಗೆ 330 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಗೆ ಸುಮಾರು 363 ರೂಪಾಯಿ ಆಗುತ್ತದೆ. ಒಬ್ಬರು ಕಿಲೋ ಲೆಕ್ಕದಲ್ಲಿ, ಇನ್ನೊಬ್ಬರು ಲೀಟರ್ ಲೆಕ್ಕದಲ್ಲಿ ಮಾರುವಾಗ ಗ್ರಾಹಕನಿಗೆ ಹುಟ್ಟುವ ಅನುಮಾನ ಈ ಮೂರು ವಾಕ್ಯಗಳಿಂದ ತೀರುತ್ತದೆ. ಎರಡನೆಯ ಹೈಲೈಟ್‌ನಲ್ಲಿ, ಶುದ್ಧೀಕರಿಸದ ಗಾಣದ ಎಣ್ಣೆಯಲ್ಲಿ ಬೀಜದ ಸಣ್ಣ ಕಣಗಳು ತಳಕ್ಕಿಳಿಯುವುದು ಸಹಜವೆಂದೂ, ತಿಳಿಯನ್ನು ಮೇಲಿನಿಂದ ಬಗ್ಗಿಸಿಕೊಳ್ಳಬೇಕೆಂದೂ ತಿಳಿಸಿದರೆ ಸಾಕು.

ಸಿದ್ಧ ಉತ್ತರ: ಬದಲಾಗುವ ಸಂಗತಿಗಳಿಗೆ

ವಾಟ್ಸ್ಆ್ಯಪ್ ಬಿಸಿನೆಸ್ 2018ರಲ್ಲಿ ಭಾರತಕ್ಕೆ ಬಂದಿತು. ಅದರ `Business tools` ವಿಭಾಗದಲ್ಲಿ `Quick replies` ಎಂಬುದನ್ನು ತೆರೆದು ಐವತ್ತರವರೆಗೆ ಉತ್ತರಗಳನ್ನು ಉಳಿಸಿಡಬಹುದು. ಪ್ರತಿಯೊಂದಕ್ಕೂ ಒಂದು ಚಿಕ್ಕ ಸಂಕೇತ ಕೊಡಬೇಕು. ಸಂಭಾಷಣೆಯಲ್ಲಿ `/` ಒತ್ತಿ ಆ ಸಂಕೇತ ಬರೆದೊಡನೆ ಪೂರ್ಣ ಉತ್ತರ ಮುಂದೆ ಬರುತ್ತದೆ. ಈ ಘಟಕಕ್ಕೆ `/dara` ಮತ್ತು `/parcel` ಎಂಬ ಎರಡು ಸಂಕೇತಗಳು ಸಾಕು.

ಇದು ತಾನಾಗಿ ಹೋಗುವ ಉತ್ತರವಲ್ಲ. ಓದಿ ಕಳುಹಿಸಲು ಒಬ್ಬ ಮನುಷ್ಯ ಬೇಕು. ದರದ ವಿಷಯದಲ್ಲಿ ಇದೇ ಇದರ ಗುಣ, ಏಕೆಂದರೆ ಕಳುಹಿಸುವ ಮುನ್ನ ಒಮ್ಮೆ ಕಣ್ಣಾಡಿಸಲು ಅವಕಾಶವಿದೆ. ಉತ್ತರದ ಮೊದಲ ಸಾಲಿನಲ್ಲೇ ದಿನಾಂಕವಿರಬೇಕು. “ಈ ದಿನಾಂಕದಿಂದ, ಮುಂದಿನ ತಿಳಿವಳಿಕೆಯವರೆಗೆ” ಎಂಬ ಮಾತು ಸೇರಿರಬೇಕು. ಹೆಸರು ಅಥವಾ ಮೊತ್ತಕ್ಕೆಂದು ಖಾಲಿ ಗೆರೆ ಬಿಡುವುದು ಸಲ್ಲದು. ಅವಸರದಲ್ಲಿ ಗೆರೆಯೇ ಗ್ರಾಹಕನಿಗೆ ತಲುಪುತ್ತದೆ. ಇನ್‌ಸ್ಟಾಗ್ರಾಂನಲ್ಲಿಯೂ ಇಂಥದೇ ಸೌಲಭ್ಯವಿದೆ. ಆದರೆ ಎರಡರ ಪಟ್ಟಿಗಳೂ ಬೇರೆ ಬೇರೆ. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಬರುವುದಿಲ್ಲ.

ಪಾವಗಡದ ವರ್ತಕರಿಗೆ ಇನ್ನೊಂದು ಅಗತ್ಯವಿದೆ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಆ ತಾಲ್ಲೂಕಿನಲ್ಲಿ ತೆಲುಗು ಗ್ರಾಹಕರು ಗಣನೀಯ. ಒಂದೇ ಉತ್ತರದಲ್ಲಿ ಎರಡು ಭಾಷೆ ತುಂಬುವುದಕ್ಕಿಂತ `/dara` ಮತ್ತು `/dharatel` ಎಂದು ಎರಡು ಉಳಿಸುವುದು ಲೇಸು. ದರ ಬದಲಾದ ದಿನ ಎರಡನ್ನೂ ತಿದ್ದಬೇಕೆಂಬುದನ್ನು ಮರೆಯಬಾರದು.

ಪಿನ್: ಅವಧಿಯ ಎಚ್ಚರ

ಇನ್‌ಸ್ಟಾಗ್ರಾಂ ಪುಟದ ಮೇಲ್ಭಾಗದಲ್ಲಿ ಮೂರು ಪೋಸ್ಟ್‌ಗಳನ್ನು ಪಿನ್ ಮಾಡಬಹುದು. ತೆಗೆಯುವವರೆಗೆ ಅವು ಅಲ್ಲಿಯೇ ಇರುತ್ತವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಗಲ್ಲ. 2023ರ ಡಿಸೆಂಬರ್‌ನಲ್ಲಿ ಬಂದ ಈ ಸೌಲಭ್ಯದಲ್ಲಿ 24 ಗಂಟೆ, 7 ದಿನ ಅಥವಾ 30 ದಿನ ಎಂಬ ಮೂರೇ ಅವಧಿಗಳಿವೆ. ಮೂವತ್ತೊಂದನೆಯ ದಿನ ಪಿನ್ ತಾನಾಗಿ ಕಳಚುತ್ತದೆ, ಪ್ರಶ್ನೆಗಳು ಮರಳುತ್ತವೆ. ಪ್ರತಿ ತಿಂಗಳ ಮೊದಲನೆಯ ದಿನ ಹೊಸ ದರಪಟ್ಟಿಯನ್ನು ಪಿನ್ ಮಾಡುವ ರೂಢಿ ಇಟ್ಟುಕೊಂಡರೆ ಈ ಮಿತಿಯೇ ಅನುಕೂಲವಾಗುತ್ತದೆ. ಮೂವತ್ತೊಂದು ದಿನಗಳ ತಿಂಗಳಿನಲ್ಲಿ ಕೊನೆಯ ದಿನ ಖಾಲಿ ಉಳಿಯದಂತೆ ಒಂದು ದಿನ ಮೊದಲೇ ಮಾಡುವುದು ಒಳಿತು. ಪಿನ್ ಮಾಡುವ ಅಧಿಕಾರ ಗುಂಪಿನ ಅಡ್ಮಿನ್‌ಗೆ ಮಾತ್ರವಿರಲಿ.

ಹಳೆಯ ದರದ ಅಪಾಯ

ಈ ವ್ಯವಸ್ಥೆಯಲ್ಲಿ ನಷ್ಟ ತರುವುದು ಹಳಸಿದ ಉತ್ತರ. ಹೈಲೈಟ್‌ನಲ್ಲಿ ಲೀಟರಿಗೆ 300 ಎಂದು ಉಳಿದಿದ್ದು, ಕಡಲೆಬೀಜದ ಬೆಲೆ ಏರಿದ ಕಾರಣ ಬಿಲ್ 330ರಂತೆ ಬಂದರೆ ಐದು ಲೀಟರಿನ ಕ್ಯಾನಿಗೆ 150 ರೂಪಾಯಿ ವ್ಯತ್ಯಾಸ. ಗ್ರಾಹಕನ ಬಳಿ ಪರದೆಯ ಚಿತ್ರ ಸಾಕ್ಷಿಯಾಗಿರುತ್ತದೆ. ಅಲ್ಲಿ ವ್ಯತ್ಯಾಸವನ್ನು ವರ್ತಕನೇ ಹೊರಬೇಕು, ಇಲ್ಲವೇ ಗಿರಾಕಿಯನ್ನು ಕಳೆದುಕೊಳ್ಳಬೇಕು. ಆದುದರಿಂದ ದರವನ್ನು ಹೈಲೈಟ್‌ಗೆ ಹಾಕಲೇಬಾರದು. ಅಲ್ಲಿ “ಇಂದಿನ ದರಕ್ಕೆ ವಾಟ್ಸ್ಆ್ಯಪ್ ಮಾಡಿ” ಎಂದಿದ್ದರೆ ಸಾಕು. ದರ ಎಲ್ಲೆಲ್ಲಿ ಬರೆದಿದೆಯೆಂಬ ಪಟ್ಟಿಯನ್ನು ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿ, ಬೆಲೆ ಬದಲಾದಾಗ ಒಂದೊಂದನ್ನೇ ತಿದ್ದಿ ಗುರುತು ಹಾಕಬೇಕು.

ಒಂದು ತಿಂಗಳ ನಂತರ ಮತ್ತೆ ಏಳು ದಿನ ಎಣಿಸಿದರೆ ಫಲ ತಿಳಿಯುತ್ತದೆ. ಗಸಿಯ ಪ್ರಶ್ನೆ ಏಳರಿಂದ ಎರಡಕ್ಕಿಳಿದಿದ್ದರೆ ಹೈಲೈಟ್ ಓದುಗರನ್ನು ತಲುಪಿದೆ. ಸಿದ್ಧ ಉತ್ತರ ಪಡೆದವನೇ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರೆ ಲೋಪ ಉತ್ತರದ ಮಾತಿನಲ್ಲಿದೆ. ಅದನ್ನು ಗ್ರಾಹಕನೇ ಬಳಸಿದ ಪದಗಳಲ್ಲಿ ತಿದ್ದಿ ಬರೆಯಬೇಕು. ಹಾಳಾದ ಡಬ್ಬಿ, ತಲುಪದ ಪಾರ್ಸೆಲ್, ಹಣ ಮರಳಿಸುವ ವಿಷಯಗಳಿಗೆ ಸಿದ್ಧ ಉತ್ತರ ಸಲ್ಲದು. ದೂರು ತಂದವನೊಡನೆ ಮಾಲೀಕನೇ ಕರೆ ಮಾಡಿ ಮಾತನಾಡುವುದು ಯುಕ್ತ.